ಅಂಚನ್ನು ಇಳಿಸುವುದೋ, ಶಾಲು ಹೊದಿಸುವುದೋ: ಒಂದೇ ಉಡುಪಿನ ಎರಡು ಚಿತ್ರಗಳಲ್ಲಿ ಮಾಡಿ ನೋಡಿದ ಹೋಲಿಕೆ

ಪರಿಚಿತರೊಬ್ಬರು ತಮ್ಮದೇ ಎರಡು ಹಳೆಯ ಛಾಯಾಚಿತ್ರಗಳನ್ನು ಕೊಟ್ಟು, ಮನೆಯ ಹಿರಿಯರ ಕೋಣೆಯಲ್ಲಿ ತೂಗುಹಾಕಲು ಅವುಗಳಲ್ಲಿನ ಉಡುಪನ್ನು ಕಂಪ್ಯೂಟರಿನಲ್ಲಿ ಸ್ವಲ್ಪ ಉದ್ದ ಮಾಡಿಕೊಡಬೇಕೆಂದು ಕೇಳಿದ್ದರು. ಎರಡರಲ್ಲಿಯೂ ಅವರು ತೊಟ್ಟಿದ್ದುದು ಒಂದೇ ಫ್ರಾಕು: ಅಚ್ಚು ನೀಲಿ ಬಣ್ಣದ ತೋಳಿಲ್ಲದ ಬಟ್ಟೆ, ಅಂಚಿನಲ್ಲಿ ಎರಡು ಬೆರಳಗಲದ ಹೂವಿನ ಪಟ್ಟಿ. ಮೊದಲ ಚಿತ್ರದಲ್ಲಿ ಅವರು ನೇರವಾಗಿ ನಿಂತಿದ್ದಾರೆ, ಅಂಚು ಮೊಣಕಾಲಿನ ಬಳಿ ನಿಂತಿದೆ. ಎರಡನೆಯದರಲ್ಲಿ ಕುರ್ಚಿಯಲ್ಲಿ ಕುಳಿತಿರುವುದರಿಂದ ಅಂಚು ತೊಡೆಯವರೆಗೆ ಏರಿದೆ. ಕೇಳಿದವರು ಚಿತ್ರದಲ್ಲಿರುವವರೇ ಆಗಿದ್ದುದರಿಂದ ಒಪ್ಪಿದೆ. ಇನ್ನೊಬ್ಬರ ಚಿತ್ರಕ್ಕೆ ಅವರನ್ನು ಕೇಳದೆ ಬಟ್ಟೆ ಸೇರಿಸುವ ಕೆಲಸವನ್ನು ನಾನು ಒಪ್ಪಿಕೊಳ್ಳುವುದಿಲ್ಲ. ಒಂದೇ ಬಟ್ಟೆ, ಎರಡು ಭಂಗಿ ಸಿಕ್ಕಿದ್ದರಿಂದ ನನಗೆ ತಿಳಿದ ದಾರಿಗಳನ್ನೆಲ್ಲ ಒಂದರ ಪಕ್ಕ ಒಂದಿಟ್ಟು ನೋಡುವ ಅವಕಾಶವೂ ದೊರೆಯಿತು.

ನಿಂತ ಚಿತ್ರದಲ್ಲಿ ಮೊದಲು ಪ್ರಯತ್ನಿಸಿದ್ದು ಎಲ್ಲಕ್ಕಿಂತ ಸುಲಭವಾದದ್ದನ್ನು, ಅಂದರೆ ಸೊಂಟದ ಕೆಳಗಿನ ಬಟ್ಟೆಯನ್ನು ಆಯ್ದುಕೊಂಡು ಟ್ರಾನ್ಸ್‌ಫಾರ್ಮ್ ಚೌಕಟ್ಟಿನಿಂದ ಕೆಳಕ್ಕೆ ಎಳೆಯುವುದನ್ನು. ಇದು ಎರಡು ನಿಮಿಷದ ಕೆಲಸ. ನನ್ನ ಕಣ್ಣಿಗೆ ಶೇಕಡ 10ರವರೆಗಿನ ಹಿಗ್ಗುವಿಕೆ ಸರಳ ಬಟ್ಟೆಯಲ್ಲಿ ಗೊತ್ತಾಗಲಿಲ್ಲ. ಆದರೆ ಅಂಚು ಮೊಣಕಾಲಿನಿಂದ ಮೀನಖಂಡದ ನಡುವಿಗೆ ಇಳಿಯಬೇಕಿದ್ದರೆ ಅದಕ್ಕಿಂತ ಬಹಳ ಹೆಚ್ಚು ಎಳೆಯಬೇಕು; ಆಗ ನೇಯ್ಗೆಯ ಎಳೆಗಳು ಸಡಿಲವಾದ ಬಲೆಯಂತೆ ಕಾಣತೊಡಗಿದವು, ಹೂವಿನ ಪಟ್ಟಿಯ ದುಂಡು ಹೂಗಳು ಮೊಟ್ಟೆಯ ಆಕಾರಕ್ಕೆ ಬಂದವು. ಅಂಚಿನಲ್ಲಿ ಚಿತ್ತಾರವಿರುವ ಯಾವ ಬಟ್ಟೆಗೂ ಈ ದಾರಿ ಸಲ್ಲದೆಂದು ಅಲ್ಲಿಗೇ ಬಿಟ್ಟೆ.

ಎರಡನೆಯದು ಹೆಚ್ಚಿನವರು ಹಿಡಿಯುವ ದಾರಿ: ಚಿತ್ರದ ಒಂದು ಕಡೆಯದನ್ನು ಎತ್ತಿ ಇನ್ನೊಂದು ಕಡೆಗೆ ನಕಲಿಸುವ ಕ್ಲೋನ್ ಸ್ಟ್ಯಾಂಪ್ ಹಿಡಿದು, ಇದ್ದ ಅಂಚಿನ ಕೆಳಗೆ ಬಟ್ಟೆಯನ್ನು ಬಳಿಯುತ್ತ ಹೋಗುವುದು. ಇಲ್ಲಿ ನೇಯ್ಗೆ ಕೆಡುವುದಿಲ್ಲ, ಏಕೆಂದರೆ ನಿಜವಾದ ಬಟ್ಟೆಯ ತುಣುಕೇ ಕೆಳಗೆ ಬರುತ್ತದೆ. ಕೆಡುವುದು ಅಂಚು. ಹಳೆಯ ಅಂಚಿನ ಹೊಲಿಗೆಯನ್ನೂ ಪಟ್ಟಿಯನ್ನೂ ಅಳಿಸಿ, ಕೆಳಗೆ ಹೊಸದಾಗಿ ಅವನ್ನೇ ಕಟ್ಟಬೇಕಾಗುತ್ತದೆ. ಅಂಚಿಗೆ ಒಂದು ದಪ್ಪವಿದೆ, ಮಡಿಚಿ ಹೊಲಿದಲ್ಲಿ ಸಣ್ಣ ಸುಕ್ಕುಗಳಿವೆ, ಒಂದೊಂದು ಮಡಿಕೆಯೂ ಅಂಚನ್ನು ಮುಟ್ಟಿದಲ್ಲಿ ಅದು ಅಲೆಯಂತೆ ಒಳಹೊರಗೆ ಬಾಗಿದೆ. ಬ್ರಷ್ಷಿನಿಂದ ಇಷ್ಟನ್ನೂ ಮತ್ತೆ ಹುಟ್ಟಿಸಲು ನಾಲ್ಕು ಗಂಟೆ ತೆಗೆದುಕೊಂಡೆ, ಆದರೂ ಅಂಚು ಕತ್ತರಿಯಿಂದ ಕತ್ತರಿಸಿ ಅಂಟಿಸಿದ ಕಾಗದದಂತೆಯೇ ಉಳಿಯಿತು. ಮೇಲಾಗಿ ಒಂದೇ ಮೂಲದಿಂದ ಹಲವು ಸಲ ಎತ್ತಿದ್ದರಿಂದ ಒಂದು ಸಣ್ಣ ಸುಕ್ಕು ಮೂರು ಕಡೆ ಕಾಣಿಸಿಕೊಂಡಿತು. ಚಿತ್ರವನ್ನು ಹೆಬ್ಬೆರಳಿನಷ್ಟು ಕಿರಿದು ಮಾಡಿ ನೋಡಿದರೆ ಇಂಥ ಪುನರಾವರ್ತನೆ ತಟ್ಟನೆ ಕಣ್ಣಿಗೆ ಬೀಳುತ್ತದೆ, ದೊಡ್ಡದು ಮಾಡಿ ಕೆಲಸ ಮಾಡುವಾಗ ಬೀಳುವುದಿಲ್ಲ.

ಮೂರನೆಯ ದಾರಿ ಈ ಸೋಲಿನಿಂದಲೇ ಹೊಳೆಯಿತು. ಉಡುಪಿನಲ್ಲಿ ಮತ್ತೆ ಸೃಷ್ಟಿಸಲು ಅತಿ ಕಷ್ಟವಾದ ಭಾಗ ಅಂಚಾದರೆ, ಅತಿ ಸುಲಭವಾದದ್ದು ತೊಡೆಯ ನಡುವಿನ ಭಾಗ. ಅಲ್ಲಿ ನೇರವಾಗಿ ಇಳಿಯುವ ಮಡಿಕೆಗಳು ಮತ್ತು ನೇಯ್ಗೆ ಬಿಟ್ಟರೆ ಬೇರೇನೂ ಇಲ್ಲ. ಆದ್ದರಿಂದ ಅಂಚಿನ ಕೆಳಗೆ ಬಟ್ಟೆ ಸೇರಿಸುವ ಬದಲು ಉಡುಪನ್ನು ತೊಡೆಯ ನಡುವೆ ಅಡ್ಡಲಾಗಿ ಕತ್ತರಿಸಿ, ಕೆಳಭಾಗವನ್ನು ಅಂಚು, ಹೊಲಿಗೆ, ಪಟ್ಟಿ ಸಮೇತ ಬೇರೆ ಲೇಯರಿನಲ್ಲಿ ಕೆಳಕ್ಕೆ ಇಳಿಸಿದೆ. ಚಿತ್ರದ ಎತ್ತರ 6000 ಪಿಕ್ಸೆಲ್, ಒಂದು ಸೆಂಟಿಮೀಟರಿಗೆ ಸರಿಸುಮಾರು 29 ಪಿಕ್ಸೆಲ್ ಬರುತ್ತಿತ್ತು. 22 ಸೆಂಟಿಮೀಟರ್ ಇಳಿಸಲು ಸುಮಾರು 640 ಪಿಕ್ಸೆಲ್ ಅಂತರ ತೆರೆದುಕೊಂಡಿತು. ತುಂಬಬೇಕಾದದ್ದು ಆ ಅಂತರವನ್ನು ಮಾತ್ರ.

ಹೀಗೆ ಇಳಿಸಿದ ಕೂಡಲೇ ಎರಡು ತಪ್ಪುಗಳು ಎದ್ದು ಕಂಡವು. ಒಂದನೆಯದು ಅಗಲದ್ದು. ಫ್ರಾಕು ಕೆಳಗೆ ಹೋದಂತೆ ಅಗಲವಾಗುವ ಬಟ್ಟೆ. ಸೊಂಟದಿಂದ ಹೊರಟ ಎರಡೂ ಬದಿಯ ಗೆರೆಗಳನ್ನು ಹಾಗೆಯೇ ಮುಂದುವರಿಸಿದರೆ ಹೊಸ ಜಾಗದಲ್ಲಿ ಅಂಚು 1700 ಪಿಕ್ಸೆಲ್ ಅಗಲ ಇರಬೇಕು, ನನ್ನ ತುಂಡು ಇದ್ದುದು 1450. ಅಡ್ಡಕ್ಕೆ ಎಳೆದರೆ ಮೊದಲ ದಾರಿಯ ದೋಷವೇ ಮರಳಿ ಬರುತ್ತಿತ್ತು. ಬದಲಿಗೆ ತುಂಡನ್ನು ಒಂದು ಮಡಿಕೆಯ ಕತ್ತಲಾದ ಕಣಿವೆಯ ಉದ್ದಕ್ಕೂ ಸೀಳಿ, ಎರಡು ಭಾಗಗಳನ್ನು ದೂರ ಸರಿಸಿ, ನಡುವೆ ಅದೇ ಉಡುಪಿನ ಇನ್ನೊಂದು ಮಡಿಕೆಯನ್ನು ತಂದು ಕೂರಿಸಿದೆ. ಕೂಡುಗೆರೆ ಮಡಿಕೆಯ ನೆರಳಿನಲ್ಲಿ ಬಂದರೆ ಕಣ್ಣು ಅದನ್ನು ಹುಡುಕುವುದಿಲ್ಲ. ಬೆಳಕು ಬಿದ್ದ ಏಣಿನ ಮೇಲೆ ಬಂದರೆ ಎಷ್ಟೇ ನಯಗೊಳಿಸಿದರೂ ಕಾಣುತ್ತದೆ.

ಎರಡನೆಯ ತಪ್ಪು ಅಂಚಿನ ಬಾಗಿನದು, ಇದನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ಉಡುಪಿನ ಅಂಚು ವಾಸ್ತವದಲ್ಲಿ ಒಂದು ವೃತ್ತ. ಕ್ಯಾಮೆರಾ ಎದೆಯ ಮಟ್ಟದಲ್ಲಿರುವುದರಿಂದ ಅದನ್ನು ಮೇಲಿನಿಂದ ನೋಡುತ್ತದೆ, ಹಾಗಾಗಿ ಮುಂಭಾಗದ ಅಂಚು ನಡುವೆ ಕೆಳಕ್ಕೆ ಜೋತಂತೆ ಕಾಣುತ್ತದೆ. ಅಂಚು ಕ್ಯಾಮೆರಾದ ಮಟ್ಟಕ್ಕಿಂತ ಎಷ್ಟು ಕೆಳಗೆ ಹೋಗುತ್ತದೋ ಅಷ್ಟೂ ಈ ಜೋತು ಹೆಚ್ಚಬೇಕು. ಚಿತ್ರ ತೆಗೆದಾಗ ಕ್ಯಾಮೆರಾ ನೆಲದಿಂದ ಸುಮಾರು 120 ಸೆಂಟಿಮೀಟರ್ ಎತ್ತರದಲ್ಲಿ, 3 ಮೀಟರ್ ದೂರದಲ್ಲಿತ್ತು. ಹಳೆಯ ಅಂಚು ಕ್ಯಾಮೆರಾಕ್ಕಿಂತ 68 ಸೆಂಟಿಮೀಟರ್ ಕೆಳಗಿತ್ತು, ಹೊಸದು 90. ಬದಿಗಳಿಗಿಂತ ನಡುಭಾಗ ಹಳೆಯ ಅಂಚಿನಲ್ಲಿ 165 ಪಿಕ್ಸೆಲ್ಲಿನಷ್ಟು ತಗ್ಗಿತ್ತು; ಹೆಚ್ಚಿದ ಅಗಲವನ್ನೂ ಸೇರಿಸಿದರೆ ಹೊಸ ಜಾಗದಲ್ಲಿ ಅದು 250ರ ಆಸುಪಾಸು ಆಗಬೇಕು. ಬಿಂದುಗಳನ್ನು ಎಳೆದು ಚಿತ್ರವನ್ನು ಬಗ್ಗಿಸುವ ವಾರ್ಪ್ ಬಲೆಯ ಕೆಳಸಾಲಿನ ನಡುವಿನ ಬಿಂದುಗಳನ್ನು ಅಷ್ಟು ಕೆಳಕ್ಕೆ ಎಳೆದ ಮೇಲೆಯೇ ಬಟ್ಟೆ ಕಾಲುಗಳನ್ನು ಸುತ್ತಿಕೊಂಡಂತೆ ಕಂಡಿತು. ಅದಕ್ಕೆ ಮೊದಲು ಮುಂದೆ ಹಿಡಿದ ಹಲಗೆಯಂತಿತ್ತು.

ಅಂತರವನ್ನು ತುಂಬುವಾಗ ಬೆಳಕುನೆರಳನ್ನೂ ನೇಯ್ಗೆಯನ್ನೂ ಬೇರೆಬೇರೆಯಾಗಿ ಮಾಡಿದ್ದು ಬಹಳ ನೆರವಾಯಿತು. ಮೊದಲು ಪ್ರತಿ ಮಡಿಕೆಯ ಮೇಲ್ತುದಿಯ ಬಣ್ಣವನ್ನು ಎತ್ತಿಕೊಂಡು, ಮೃದುವಾದ ಬ್ರಷ್ಷಿನಿಂದ ಕೆಳತುದಿಯವರೆಗೆ ಒಂದೇ ಉದ್ದ ಎಳೆತದಲ್ಲಿ ಜೋಡಿಸಿದೆ; ಮಡಿಕೆಗಳು ಕೆಳಗೆ ಹೋದಂತೆ ಕೊಳವೆಯಂತೆ ಅಗಲವಾಗುವುದರಿಂದ ಎಳೆತವೂ ಹಾಗೆಯೇ ಅಗಲವಾಗಬೇಕು. ಈ ಹಂತದಲ್ಲಿ ಬಟ್ಟೆ ಮೇಣದಂತೆ ನುಣುಪಾಗಿ ಕಾಣುತ್ತದೆ, ಗಾಬರಿಯಾಗಬೇಕಿಲ್ಲ. ಆಮೇಲೆ ಎದೆಯ ಬಳಿಯ ಮಡಿಕೆಯಿಲ್ಲದ ಬಟ್ಟೆಯ ತುಣುಕನ್ನು ನಕಲಿಸಿ, ಸಣ್ಣ ವಿವರಗಳನ್ನಷ್ಟೇ ಉಳಿಸುವ ಹೈಪಾಸ್ ಫಿಲ್ಟರನ್ನು ಅದಕ್ಕೆ ಹಾಕಿ, ಓವರ್‌ಲೇ ಮೋಡಿನಲ್ಲಿ ಮೇಲೆ ಹರಡಿದರೆ ಬೆಳಕು ಹಾಗೆಯೇ ಉಳಿದು ನೇಯ್ಗೆ ಮಾತ್ರ ಕೂರುತ್ತದೆ. ಇಷ್ಟೆಲ್ಲ ಸೇರಿ ಎರಡೂವರೆ ಗಂಟೆ ಹಿಡಿಯಿತು. ಕ್ಲೋನ್ ದಾರಿಗಿಂತ ಕಡಿಮೆ ಸಮಯ, ಫಲ ಮಾತ್ರ ಹೋಲಿಸಲಾಗದಷ್ಟು ಮೇಲು. ಅಂಚು ಮೊಣಕಾಲಿನ ಮೇಲೆ ಚೆಲ್ಲಿದ್ದ ಹಳೆಯ ನೆರಳು ಹೊಸ ಬಟ್ಟೆಯಡಿ ಮುಚ್ಚಿಹೋಯಿತು. ಮೀನಖಂಡದ ಮೇಲೆ ಕೆಳಗಿನದನ್ನು ಕಪ್ಪಾಗಿಸುವ ಮಲ್ಟಿಪ್ಲೈ ಲೇಯರಿನಲ್ಲಿ ಹೊಸ ನೆರಳನ್ನು, ಬಟ್ಟೆಗೆ ತಾಗಿದಲ್ಲಿ ಗಾಢವಾಗಿ, ಕೆಳಗೆ ಮಸುಕಾಗಿ ಬಳಿದೆ.

ಇದೇ ದಾರಿಯನ್ನು ಕುಳಿತ ಚಿತ್ರಕ್ಕೆ ಹಚ್ಚಿದಾಗ ಅರ್ಧ ಗಂಟೆಯಲ್ಲಿ ಕೈಬಿಡಬೇಕಾಯಿತು. ಕುಳಿತಾಗ ಮಡಿಕೆಗಳು ನೇರವಾಗಿ ಇಳಿಯುವುದಿಲ್ಲ. ಸೊಂಟದ ಸಂದಿನಿಂದ ಮೊಣಕಾಲುಗಳ ಕಡೆಗೆ ಬೀಸಣಿಗೆಯಂತೆ ಚಾಚಿಕೊಳ್ಳುತ್ತವೆ. ಉದ್ದವಾದ ಬಟ್ಟೆಯಾಗಿದ್ದರೆ ಮೊಣಕಾಲಿನ ಮೇಲೆ ಮುರಿದು ಅಲ್ಲಿಂದ ಕೆಳಕ್ಕೆ ಬೀಳುತ್ತಿತ್ತು. ಆ ಮುರಿವಿನ ಒಂದು ತುಣುಕೂ ಮೂಲಚಿತ್ರದಲ್ಲಿಲ್ಲ, ಆದ್ದರಿಂದ ಎಲ್ಲಿ ಕತ್ತರಿಸಿ ತೆರೆದರೂ ತುಂಬಲು ಸಾಮಗ್ರಿಯಿಲ್ಲ. ಇಲ್ಲಿ ಗೆದ್ದದ್ದು ಶಾಲು, ಅದೂ ಮೂರನೆಯ ಪ್ರಯತ್ನದಲ್ಲಿ.

ಮೊದಲು ಫ್ರಾಕಿನ ಬಟ್ಟೆಯಿಂದಲೇ ಶಾಲನ್ನು ಕಟ್ಟಲು ಹೋದೆ. ಫ್ರಾಕಿನ ಮಡಿಕೆಗಳು ಉದ್ದುದ್ದ. ಶಾಲಿನವು ಹೆಗಲಿನಿಂದ ಹೊರಟು ಎದೆಯ ಮೇಲೆ ತೊಟ್ಟಿಲಿನಂತೆ ಜೋತು ಇನ್ನೊಂದು ಹೆಗಲಿಗೆ ಏರುತ್ತವೆ. ತಿರುಗಿಸಿ ಬಗ್ಗಿಸಿದರೂ ಅದು ಹೆಗಲ ಮೇಲೆ ಇನ್ನೊಂದು ಫ್ರಾಕನ್ನು ಎಸೆದಂತೆ ಕಂಡಿತು. ಅನಂತರ ಸಂಗ್ರಹದಲ್ಲಿದ್ದ, ಹಿನ್ನೆಲೆಯಿಂದ ಕತ್ತರಿಸಿ ತೆಗೆದ ಶಾಲಿನ ಚಿತ್ರವೊಂದನ್ನು ಹೊದಿಸಿದೆ. ಬೆಳಕು ಎದುರು ದಿಕ್ಕಿನಿಂದಿದ್ದುದನ್ನು ಅಡ್ಡ ತಿರುವಿ ಸರಿಪಡಿಸಬಹುದಾಗಿತ್ತು, ಆದರೆ ಅದನ್ನು ತೀರ ತಗ್ಗಿನಿಂದ ತೆಗೆದಿದ್ದರು. ಆ ದೋಷವನ್ನು ಯಾವ ಉಪಕರಣವೂ ತಿದ್ದುವುದಿಲ್ಲ. ಕೊನೆಗೆ ಮನೆಯವರೊಬ್ಬರನ್ನು ಅದೇ ಭಂಗಿಯಲ್ಲಿ ಕುರ್ಚಿಯಲ್ಲಿ ಕೂರಿಸಿ, ಮೂಲಚಿತ್ರದಂತೆಯೇ ಎಡಗಡೆ ಕಿಟಕಿ ಬರುವಂತೆ ನೋಡಿಕೊಂಡು, ಅದೇ 50 ಎಂಎಂ ಲೆನ್ಸಿನಲ್ಲಿ ಅದೇ ದೂರ ಮತ್ತು ಎತ್ತರದಿಂದ, ಹೆಗಲು ಮುಚ್ಚಿ ಮೊಣಕಾಲಿನ ಕೆಳಗಿನವರೆಗೂ ಬೀಳುವ ಒಂದು ದೊಡ್ಡ ಶಾಲನ್ನು ಹೊದಿಸಿ ಚಿತ್ರ ತೆಗೆದೆ. ಅದನ್ನು ಕತ್ತರಿಸಿ ಮೂಲದ ಮೇಲೆ ಇಟ್ಟಾಗ ಸಣ್ಣ ವಾರ್ಪ್ ಸಾಕಾಯಿತು.

ಶಾಲಿನ ನಿಜವಾದ ಶ್ರಮ ಬಟ್ಟೆಯಲ್ಲಿಲ್ಲ, ಅದರ ಮೇಲೆ ಬರಬೇಕಾದವುಗಳಲ್ಲಿದೆ. ಹೆಗಲ ಮೇಲಿದ್ದ ಕೂದಲು ಶಾಲಿನ ಮೇಲೆ ಬೀಳಬೇಕು, ಮಡಿಲಲ್ಲಿದ್ದ ಕೈಗಳೂ ಶಾಲಿನ ಮೇಲಿರಬೇಕು. ಕೈಗಳನ್ನು ಮಾಸ್ಕಿನಿಂದ ಹೊರತೆಗೆಯುವುದು ಸುಲಭ. ಆದರೆ ಅವುಗಳ ಕೆಳಗೆ ನೆರಳನ್ನು ಬಳಿಯದಿದ್ದರೆ ಅವು ತೇಲುತ್ತವೆ. ಕೂದಲಿನ ತುದಿಗಳನ್ನು ಕತ್ತರಿಸುವ ಬದಲು ನಾನು ಅವನ್ನು ಒಂದೊಂದಾಗಿ ಎರಡು ಪಿಕ್ಸೆಲ್ ಬ್ರಷ್ಷಿನಿಂದ ಬರೆದೆ, ಅದು ಬೇಗನೆ ಆಯಿತು. ಶಾಲು ತಿಳಿಗೆಂಪಾಗಿದ್ದುದರಿಂದ ಗದ್ದದ ಅಡಿಯಲ್ಲಿ ಅದರ ಬಣ್ಣದ ಛಾಯೆಯನ್ನು ತೀರ ತೆಳುವಾಗಿ ಸೇರಿಸಿದೆ. ಅದಿಲ್ಲದಾಗ ಮುಖ ಒಂದು ಚಿತ್ರದ್ದು, ಶಾಲು ಇನ್ನೊಂದರದ್ದು ಎಂಬುದು ಬಯಲಾಗುತ್ತಿತ್ತು. ಒಟ್ಟು ಐದು ಗಂಟೆ ಬೇಕಾಯಿತು. ನಿಂತ ಚಿತ್ರಕ್ಕೂ ಶಾಲನ್ನೇ ಬಳಸಬಹುದಿತ್ತಲ್ಲ ಎಂದು ಕೇಳಿದರೆ, ತೋಳಿಗೆ ಬಳಸಬಹುದು. ಮೊಣಕಾಲಿನ ಕೆಳಗಿನವರೆಗೆ ಶಾಲು ಹೊದ್ದು ನಿಂತವರು ಚಳಿಗೆ ನಡುಗುತ್ತಿರುವಂತೆ ಕಾಣುತ್ತಾರೆ.

ಎರಡೂ ಚಿತ್ರಗಳನ್ನು ಒಪ್ಪಿಸಿದ ಮರುದಿನ ಅವರು ನಿಂತ ಚಿತ್ರದ ಕೆಳಭಾಗವನ್ನು ತೋರಿಸಿದರು. ನುಣುಪಾದ ನೆಲದ ಮಸುಕು ಪ್ರತಿಬಿಂಬದಲ್ಲಿ ಮೊಣಕಾಲುಗಳು ಇನ್ನೂ ಬರಿದಾಗಿಯೇ ಇದ್ದವು. ಹೊಸ ಅಂಚನ್ನು ತಲೆಕೆಳಗು ಮಾಡಿ ಅಂಟಿಸಿದರೆ ಮುಗಿಯಿತೆಂದುಕೊಂಡೆ, ಮುಗಿಯಲಿಲ್ಲ: ಪ್ರತಿಬಿಂಬವು ಉಡುಪನ್ನು ನೆಲದ ಕೆಳಗಿನಿಂದ ನೋಡಿದಂತೆ ತೋರಿಸುತ್ತದೆ, ಅಲ್ಲಿ ಕಾಣಬೇಕಾದದ್ದು ಅಂಚಿನ ಒಳಮೈ. ಪ್ರತಿಬಿಂಬದಲ್ಲಿ ಹೂವಿನ ಪಟ್ಟಿಯ ಮುಂಭಾಗಕ್ಕಿಂತ ಮೇಲಕ್ಕೆ, ಪಾದಗಳ ಕಡೆಗೆ ಕಪ್ಪು ನೀಲಿಯ ಒಂದು ಮಸುಕು ಕಮಾನನ್ನು ಬಳಿದು, ಪ್ರತಿಬಿಂಬದಷ್ಟೇ ಮಬ್ಬು ಕೊಟ್ಟ ಮೇಲೆ ಚಿತ್ರ ಚೌಕಟ್ಟಿಗೆ ಹೋಯಿತು.