ಯೆನ್ ಮತ್ತು ಯೀಲ್ಡ್ ಮೇಲೆ ಅಲರ್ಟ್ ಇಟ್ಟು ಬಳಸಿದ ಅನುಭವ: ಎಸ್‌ಐಪಿ ಹಾಕುವವನ ರಿವ್ಯೂ

ನಾನು ಟ್ರೇಡರ್ ಅಲ್ಲ ಮಾರಾಯ್ರೆ, ಮೊದಲೇ ಹೇಳಿಬಿಡ್ತೇನೆ. ಇಂಡೆಕ್ಸ್ ಫಂಡ್‌ಗೆ ಎಸ್‌ಐಪಿ ಅದರಷ್ಟಕ್ಕೆ ಹೋಗ್ತಾ ಉಂಟು, ಅದನ್ನು ಮುಟ್ಟುದಿಲ್ಲ. ಆದ್ರೆ ಆಗೊಮ್ಮೆ ಈಗೊಮ್ಮೆ ಎಫ್‌ಡಿ ಮೆಚ್ಯೂರ್ ಆಗಿ ಒಂದು ದೊಡ್ಡ ಮೊತ್ತ ಒಟ್ಟಿಗೆ ಕೈಗೆ ಬರ್ತದಲ್ಲ, ಅದನ್ನು ಇವತ್ತೇ ಪೂರ್ತಿ ಹಾಕುದಾ ಇಲ್ಲ ಸ್ವಲ್ಪ ಸ್ವಲ್ಪ ಹಾಕುದಾ ಅನ್ನುವ ಒಂದೇ ಪ್ರಶ್ನೆಗೋಸ್ಕರ ನಾನು ಈ ಚಾರ್ಟ್ ಆಪ್‌ನ ಕಾಸು ಕೊಡುವ ಪ್ಲಾನ್ ತಗೊಂಡದ್ದು. ಒಂದು ವರ್ಷ ದಾಟಿತು, ಈಗ ಬರೀಬಹುದು ಅನ್ನಿಸ್ತು.

ನಮ್ಮ ಮಂಗಳೂರಲ್ಲಿ ಕರೆನ್ಸಿ ಅಂದ್ರೆ ಮೊದಲು ಕೇಳುದು ದಿರ್ಹಮ್ ರೇಟ್. ದುಬೈಯಲ್ಲಿರುವ ನಮ್ಮ ಭಾವ ಸಹ "AEDINR ಮೇಲೆ ಒಂದು ಅಲರ್ಟ್ ಹಾಕು ಮಾರಾಯ, ರೂಪಾಯಿ ಬಿದ್ರೆ ಗೊತ್ತಾಗ್ತದೆ" ಅಂದ್ರು. ಅದು ಬೇಡ ಭಾವ ಅಂದೆ, ಯಾಕೆಂದ್ರೆ ದಿರ್ಹಮ್ ಡಾಲರಿಗೆ 3.6725ರಲ್ಲಿ ಕಟ್ಟಿ ಇಟ್ಟ ಕರೆನ್ಸಿ, USDINR ನೋಡಿದ್ರೆ ದಿರ್ಹಮ್ ನೋಡಿದ ಹಾಗೆಯೇ. ಇನ್ನು USDINR ಕೂಡ ಎಚ್ಚರಿಕೆ ಗಂಟೆಯಾಗಿ ಅಷ್ಟು ಉಪಯೋಗ ಇಲ್ಲ, ರಿಸರ್ವ್ ಬ್ಯಾಂಕ್ ಡಾಲರ್ ಮಾರಿ ಅದರ ಏರಿಳಿತವನ್ನು ತಗ್ಗಿಸ್ತದೆ. 2024ರ ಆಗಸ್ಟ್ 5ರಂದು ಸೆನ್ಸೆಕ್ಸ್ 2,222 ಪಾಯಿಂಟ್ ಬಿದ್ದ ದಿನ ಡಾಲರ್ ರೇಟ್ 84ರ ಹತ್ತಿರ ಹೋಗಿ ನಿಂತಿತು ಅಷ್ಟೇ, ಹಿಂದಿನ ವಾರಕ್ಕೆ ಹೋಲಿಸಿದ್ರೆ ಕೆಲವು ಪೈಸೆಯ ವ್ಯತ್ಯಾಸ. ಅದೇ ವಾರ ನಿಜವಾಗಿ ಕೂಗಿ ಹೇಳಿದ್ದು ಜಪಾನಿನ ಯೆನ್.

ಕಾರಣ ಇಷ್ಟು. ಜಪಾನಲ್ಲಿ ಬಡ್ಡಿ ವರ್ಷಗಟ್ಟಲೆ ಸೊನ್ನೆ ಹತ್ತಿರ ಇತ್ತು, ಹಾಗಾಗಿ ದೊಡ್ಡ ಫಂಡ್‌ಗಳು ಅಲ್ಲಿ ಯೆನ್ ಸಾಲ ಮಾಡಿ ಡಾಲರಿಗೆ ಬದಲಿಸಿ ಅಮೆರಿಕದ ಬಾಂಡು, ಟೆಕ್ ಶೇರು, ನಮ್ಮಂಥ ದೇಶಗಳ ಮಾರುಕಟ್ಟೆ ಎಲ್ಲ ಕಡೆ ಹಾಕ್ತಿದ್ದವು, ಇದಕ್ಕೆ ಕ್ಯಾರಿ ಟ್ರೇಡ್ ಅಂತಾರೆ. ಎರಡು ದೇಶಗಳ ಬಡ್ಡಿಯ ನಡುವಿನ ಅಂತರ ಇರುವವರೆಗೆ ಲಾಭ. ಅಂತರ ಕಮ್ಮಿ ಆಗ್ಲಿಕ್ಕೆ ಶುರುವಾಗಿ, ಅದೇ ಹೊತ್ತಿಗೆ ಯೆನ್ ಬಲ ಆದ್ರೆ, ಸಾಲ ತೀರಿಸ್ಲಿಕ್ಕೆ ಎಲ್ಲ ಮಾರಿ ಓಡ್ಬೇಕಾಗ್ತದೆ, ಆಗ ತಪ್ಪಿಲ್ಲದ ಮಾರುಕಟ್ಟೆಗಳೂ ಬೀಳ್ತವೆ.

ಹಾಗಾಗಿ ನನ್ನ ಅಲರ್ಟಿಗೆ ಎರಡು ಷರತ್ತು, ಎರಡೂ ಒಟ್ಟಿಗೆ ಆಗ್ಬೇಕು. ಒಂದು, USDJPY, ಅಂದ್ರೆ ಒಂದು ಡಾಲರಿಗೆ ಎಷ್ಟು ಯೆನ್ ಅನ್ನುವ ರೇಟ್, ಐದು ಟ್ರೇಡಿಂಗ್ ದಿನದಲ್ಲಿ 3% ಅಥವಾ ಜಾಸ್ತಿ ಇಳೀಬೇಕು, ಅದು ಇಳಿದ್ರೆ ಯೆನ್ ಬಲ ಆಯ್ತು ಅಂತ. ಎರಡು, ಅದೇ ಐದು ದಿನದಲ್ಲಿ ಅಮೆರಿಕ ಮತ್ತು ಜಪಾನಿನ ಹತ್ತು ವರ್ಷದ ಬಾಂಡ್ ಯೀಲ್ಡ್‌ಗಳ, ಅಂದ್ರೆ ಬಾಂಡ್ ಕೊಂಡವನಿಗೆ ಸಿಗುವ ಬಡ್ಡಿಯ, ಅಂತರ 0.20 ಪರ್ಸೆಂಟೇಜ್ ಪಾಯಿಂಟ್ ಕಮ್ಮಿ ಆಗ್ಬೇಕು. ಸಿಂಬಲ್ ಹಾಕುವ ಜಾಗದಲ್ಲಿ `US10Y-JP10Y` ಅಂತ ಟೈಪ್ ಮಾಡಿದ್ರೆ ಆ ಅಂತರದ್ದೇ ಚಾರ್ಟ್ ಬರ್ತದೆ, ಈ ಆಪ್‌ನಲ್ಲಿ ನನಗೆ ತುಂಬಾ ಇಷ್ಟ ಆದ ಸೌಲಭ್ಯ ಇದು. ಎರಡನ್ನೂ ಜೋಡಿಸ್ಲಿಕ್ಕೆ ನಾಲ್ಕೈದು ಸಾಲು ಸ್ಕ್ರಿಪ್ಟ್ ಬೇಕಾಗ್ತದೆ, ಕಷ್ಟ ಇಲ್ಲ.

ಎರಡು ಷರತ್ತು ಯಾಕೆ ಅಂತ ಹಳೇ ಚಾರ್ಟ್ ತೆಗೆದು ನೋಡಿದ್ರೆ ಚೆನ್ನಾಗಿ ಗೊತ್ತಾಗ್ತದೆ. 2024ರ ಜುಲೈ ಶುರುವಿಗೆ ಒಂದು ಡಾಲರಿಗೆ 162 ಯೆನ್ ಹತ್ತಿರ ಇತ್ತು. ಜುಲೈ 11 ಮತ್ತು 12ರಂದು ಜಪಾನ್ ಸರ್ಕಾರ ಡಾಲರ್ ಮಾರಿ ಯೆನ್ ಕೊಂಡಿತು, ಒಂದೇ ವಾರದಲ್ಲಿ USDJPY 156ರ ಆಸುಪಾಸಿಗೆ ಬಂತು, ಅಂದ್ರೆ ಮೊದಲನೇ ಷರತ್ತು ಆಗಿಹೋಯ್ತು. ಆದ್ರೆ ಯೀಲ್ಡ್ ಅಂತರ ಹೆಚ್ಚು ಅಲ್ಲಾಡ್ಲಿಲ್ಲ, 0.10 ಕೂಡ ಇಳೀಲಿಲ್ಲ, ನಿಫ್ಟಿಗೂ ಏನೂ ಆಗ್ಲಿಲ್ಲ. ಕರೆನ್ಸಿ ಒಂದನ್ನೇ ನೋಡಿದವ ಅಲ್ಲಿ ಸುಮ್ಮನೆ ಹೆದರ್ತಿದ್ದ.

ಆಮೇಲೆ ಜುಲೈ 31ಕ್ಕೆ ಬ್ಯಾಂಕ್ ಆಫ್ ಜಪಾನ್ ಬಡ್ಡಿಯನ್ನು 0.25% ಮಾಡಿತು, ಆಗಸ್ಟ್ 2ಕ್ಕೆ ಅಮೆರಿಕದ ಉದ್ಯೋಗದ ರಿಪೋರ್ಟ್ ಕಳಪೆ ಬಂತು, ನಿರುದ್ಯೋಗ 4.3%. ಅಮೆರಿಕದ ಹತ್ತು ವರ್ಷದ ಯೀಲ್ಡ್ ಆ ವಾರ 4.2%ನಿಂದ 3.8%ಗೆ ಜಾರಿತು, ಜಪಾನಿನದ್ದು ಅಷ್ಟು ಇಳೀಲಿಲ್ಲ, ಅಂತರ ಸುಮಾರು 0.30 ಕುಗ್ಗಿತು. USDJPY 153-154ರಿಂದ 146-147ಕ್ಕೆ ಬಂತು, ನಾಲ್ಕು ಪರ್ಸೆಂಟಿಗಿಂತ ಜಾಸ್ತಿ ಇಳಿತ. ಎರಡೂ ಷರತ್ತು ಶುಕ್ರವಾರದ ಕ್ಲೋಸಿಗೆ ಆದದ್ದರಿಂದ ಅಲರ್ಟ್ ನಮ್ಮಲ್ಲಿ ಶನಿವಾರ ಬೆಳಗಿನ ಜಾವ ಬರ್ತಿತ್ತು. ಸೋಮವಾರ ನಿಕ್ಕೈ 12.4% ಬಿತ್ತು, ನಮ್ಮದೂ ಬಿತ್ತು.

ಈಗ ಮುಖ್ಯ ವಿಷಯ. ಅಲರ್ಟ್ ಬಂದ್ರೆ ಮಾರುದು ಅಲ್ಲ, ಇದನ್ನು ಹತ್ತು ಸಲ ಹೇಳಿದ್ರೂ ಸಾಕಾಗುದಿಲ್ಲ. ಮಂಗಳವಾರವೇ ನಿಕ್ಕೈ 10% ಮೇಲೆ ಎದ್ದಿತು, ಬುಧವಾರ ಬ್ಯಾಂಕ್ ಆಫ್ ಜಪಾನಿನ ಉಪ ಗವರ್ನರ್ ಉಚಿದಾ, ಮಾರುಕಟ್ಟೆ ಅಸ್ಥಿರ ಇರುವಾಗ ಬಡ್ಡಿ ಏರಿಸುದಿಲ್ಲ ಅಂದ್ರು, ತಿಂಗಳ ಕೊನೆಗೆ ಸೆನ್ಸೆಕ್ಸ್ ಹೊಸ ಎತ್ತರದಲ್ಲಿತ್ತು. ಸೋಮವಾರ ಮಾರಿದವನಿಗೆ ನಷ್ಟ. ನನ್ನ ನಿಯಮ ಏನಂದ್ರೆ ಎಸ್‌ಐಪಿ ಹಾಗೇ ಹೋಗ್ಲಿ, ಕೈಲಿರುವ ದೊಡ್ಡ ಮೊತ್ತವನ್ನು ಲಿಕ್ವಿಡ್ ಫಂಡಲ್ಲಿ ನಿಲ್ಲಿಸಿ ಮೂರು ಭಾಗ ಮಾಡಿ ಎರಡೆರಡು ವಾರದ ಅಂತರದಲ್ಲಿ ಹಾಕುದು. ಅಲರ್ಟಿನ ಕೆಲಸ ಅಷ್ಟಕ್ಕೇ ಮುಗೀತು.

2024ರ ಜುಲೈ ಮಧ್ಯದ್ದಕ್ಕೆ ತದ್ವಿರುದ್ಧ ಸುಳ್ಳು ಎಚ್ಚರಿಕೆ ಕಂಡದ್ದು 2025ರ ಕೊನೆಗೆ. ಜಪಾನಿನ ಹತ್ತು ವರ್ಷದ ಯೀಲ್ಡ್ ಏರ್ತಾ ಏರ್ತಾ ಡಿಸೆಂಬರಲ್ಲಿ 2% ಮುಟ್ಟಿತು, ಅಂತರ ಕುಗ್ತಾ ಹೋಯ್ತು, ಆದ್ರೆ ಯೆನ್ ಬಲ ಆಗುವ ಬದಲು ಇನ್ನೂ ಸೊರಗಿತು, ಜನ ಅಲ್ಲಿನ ಸರ್ಕಾರದ ಖರ್ಚಿಗೆ ಹೆದರಿ ಬಾಂಡನ್ನೂ ಯೆನ್ನನ್ನೂ ಒಟ್ಟಿಗೆ ಮಾರ್ತಿದ್ರು. ಬರೀ ಯೀಲ್ಡ್ ನೋಡಿದವ ಅಲ್ಲಿ ಸುಮ್ಮನೆ ಹೆದರ್ತಿದ್ದ, ಯೆನ್ ಮೇಲಿನ ಮೊದಲನೇ ಷರತ್ತಿನಿಂದಾಗಿ ನನ್ನ ಫೋನ್ ಸುಮ್ಮನಿತ್ತು.

ಮಿತಿಯೂ ಉಂಟು. 2025ರ ಏಪ್ರಿಲ್ 7ರಂದು ಟ್ಯಾರಿಫ್ ಗಲಾಟೆಯಲ್ಲಿ ಸೆನ್ಸೆಕ್ಸ್ ಎರಡು ಸಾವಿರಕ್ಕಿಂತ ಜಾಸ್ತಿ ಬಿತ್ತು, ನನ್ನ ಅಲರ್ಟ್ ಬರ್ಲಿಲ್ಲ. ಅಮೆರಿಕದ ಯೀಲ್ಡ್ ಇಳಿದದ್ದು ಹೌದು, ಆದ್ರೆ ಜಪಾನಿನದ್ದು ಅದಕ್ಕಿಂತ ಜಾಸ್ತಿ ಇಳಿದದ್ದರಿಂದ ಅಂತರ ಕುಗ್ಲೇ ಇಲ್ಲ. 2024ರ ಜೂನ್ 4ರ ಚುನಾವಣಾ ಫಲಿತಾಂಶದಂಥ ನಮ್ಮದೇ ದೇಶದ ಕಾರಣಕ್ಕೂ ಇದು ಬರುದಿಲ್ಲ. ಇದು ಕ್ಯಾರಿ ಟ್ರೇಡ್ ಬಿಚ್ಚಿಕೊಳ್ಳುವ ಒಂದೇ ರೋಗಕ್ಕೆ ಪರೀಕ್ಷೆ.

ಸೆಟ್ಟಿಂಗಲ್ಲಿ ಎರಡು ಕಡೆ ಜಾಗ್ರತೆ ಬೇಕು. ಅಲರ್ಟ್ ದಿನದ ಕ್ಯಾಂಡಲ್ ಮುಗಿದ ಮೇಲೆ ಮಾತ್ರ ಬರುವ ಹಾಗೆ ಇಡಿ, ನ್ಯೂಯಾರ್ಕ್ ಮುಚ್ಚುವ ಹೊತ್ತು ನಮ್ಮಲ್ಲಿ ಬೇಸಿಗೆಯಲ್ಲಿ ರಾತ್ರಿ 2:30, ಚಳಿಗಾಲದಲ್ಲಿ 3:30, ಆಗ ವ್ಯವಹಾರ ತೆಳ್ಳಗಿರುವುದರಿಂದ ಒಂದು ಕ್ಷಣಕ್ಕೆ ರೇಟ್ ಎಲ್ಲಿಗೋ ಹೋಗಿ ವಾಪಸ್ ಬರ್ತದೆ. ಮತ್ತೆ ಜಪಾನಿಗೆ ರಜೆ ಇದ್ದ ದಿನ, ಮೇ ತಿಂಗಳ ಗೋಲ್ಡನ್ ವೀಕ್ ಸಮೇತ, JP10Y ಹಳೇ ನಂಬರಲ್ಲೇ ನಿಂತಿರ್ತದೆ, ಅಮೆರಿಕದ್ದು ಮಾತ್ರ ಓಡ್ತದೆ, ಆ ದಿನದ ಅಂತರ ಅರ್ಧ ಹಳಸಿದ್ದು. ಎರಡು ಲೈನನ್ನು ಬೇರೆ ಬೇರೆ ತೆರೆದು ನೋಡಿ, ಒಂದು ಚಪ್ಪಟೆ ಇದ್ರೆ ನಂಬಬೇಡಿ.

ಆಪ್ ಬಗ್ಗೆ ನನ್ನ ದೊಡ್ಡ ದೂರು ಅಲರ್ಟಿಗೆ ಎಕ್ಸ್‌ಪೈರಿ ಡೇಟ್ ಇರುದು. ವರ್ಷಕ್ಕೆ ಒಂದೆರಡು ಸಲ ಬರುವ ಅಲರ್ಟ್ ಸದ್ದಿಲ್ಲದೆ ಸತ್ತು ಹೋದ್ರೆ ಯಾರಿಗೆ ಗೊತ್ತಾಗ್ತದೆ? ಹಾಗಾಗಿ ಪ್ರತಿ ತಿಂಗಳು ಎಸ್‌ಐಪಿ ಕಟ್ ಆಗುವ ದಿನ ಅಲರ್ಟ್ ಲಿಸ್ಟ್ ತೆರೆದು ಆ್ಯಕ್ಟಿವ್ ಉಂಟಾ ಅಂತ ನೋಡ್ತೇನೆ, ಜೊತೆಗೆ ಯೀಲ್ಡ್ ಷರತ್ತು ತೆಗೆದು, USDJPY ಯಾವ ಕಡೆಗಾದ್ರೂ 0.1% ಅಲ್ಲಾಡಿದ್ರೆ ಬರುವ ಒಂದು ಟೆಸ್ಟ್ ಅಲರ್ಟ್ ಬಿಟ್ಟು ಫೋನಿಗೆ ಮೆಸೇಜ್ ಬರ್ತದಾ ಅಂತಲೂ ನೋಡಿ ಡಿಲೀಟ್ ಮಾಡ್ತೇನೆ. ಐದಕ್ಕೆ ನಾಲ್ಕು ಸ್ಟಾರ್, ಆ ಒಂದು ಸ್ಟಾರ್ ಕಮ್ಮಿ ಮಾಡಿದ್ದು ಎಕ್ಸ್‌ಪೈರಿಗೆ.