ಮಳೆಗಾಲದಲ್ಲಿ ಕೆಜಿ ಲೆಕ್ಕದ ಲಾಂಡ್ರಿಗೆ ಬಟ್ಟೆ ಕೊಡೋರು ನೀರು ಎಷ್ಟು ಬಿಸಿ ಅಂತ ಕೇಳಿಯೇ ಕೊಡಿ

ಶಿರಸಿ ಕಡೆಯವರಿಗೆ ಮಳೆಗಾಲದ ಬಟ್ಟೆ ಕಷ್ಟ ಬಿಡಿಸಿ ಹೇಳೋದು ಬೇಡ. ವಾರ ಕಳೆದ್ರೂ ಒಣಗಲ್ಲ, ಒಣಗಿದ್ರೂ ಮುಗ್ಗಲು ವಾಸನೆ, ಅದಕ್ಕೇ ಈಗ ತೂಕ ಮಾಡಿ ತಗೊಂಡು, ಮಷೀನಿಗೆ ಹಾಕಿ, ಡ್ರೈಯರಲ್ಲಿ ಒಣಗಿಸಿ, ಮಡಚಿ ಕೊಡೋ ಲಾಂಡ್ರಿಗಳಿಗೆ ತುಂಬಾ ಜನ ಕೊಡ್ತಾ ಇದಾರೆ. ನಾವೂ ಕೊಟ್ವಿ. ಶಾಲು ಬೇರೆ, ಬಿಳಿ ಬಟ್ಟೆ ಬೇರೆ, ರಕ್ತದ ಕಲೆ ಇರೋದು ಬೇರೆ ಅಂತ ಮೂರು ಗಂಟು ಕಟ್ಟಿ, ಬಾಯಲ್ಲೂ ಹೇಳಿ ಕೊಟ್ಟಿದ್ದು. ಅವ್ರು ಎಲ್ಲಾ ಗಂಟು ಬಿಚ್ಚಿ ಒಂದೇ ಮಷೀನಿಗೆ ಸುರಿದು 60 ಡಿಗ್ರಿಗೆ ಹಾಕಿದ್ರು. ಕೇಳಿದ್ರೆ "ಬಿಸಿ ನೀರಲ್ಲಿ ಹಾಕಿದ್ರೇ ಕೊಳೆ ಹೋಗೋದು" ಅನ್ನೋ ಉತ್ತರ. ಈ ಮಾತು ಅರ್ಧ ಮಾತ್ರ ನಿಜ, ಉಳಿದರ್ಧದಿಂದ ನಮ್ಮ ಸುಮಾರು ಬಟ್ಟೆ ಹಾಳಾಯ್ತು. ಏನೇನಾಯ್ತು, ಯಾಕಾಯ್ತು ಅಂತ ಬರೀತೀನಿ.

ಮೊದಲು ರಕ್ತದ ಕಲೆ. ನಮ್ಮನೆ ಮಾಣಿ ತೋಟದಿಂದ ಉಂಬಳ ಕಚ್ಚಿಸ್ಕೊಂಡು ಬಂದು ಹಾಗೇ ಮಲಗಿದ್ದ, ಉಂಬಳ ಕಚ್ಚಿದ ಜಾಗದಲ್ಲಿ ರಕ್ತ ಬೇಗ ಹೆಪ್ಪುಗಟ್ಟಲ್ಲ ಅಂತ ನಿಮಗೆ ಗೊತ್ತೇ ಇದೆ, ಬಿಳಿ ಬೆಡ್‌ಶೀಟ್ ಮೇಲೆ ಅಂಗೈ ಅಗಲ ಕಲೆ. ತಣ್ಣೀರಲ್ಲಿ ನೆನೆಸಿದ್ರೆ ಇಂಥ ಕಲೆ ಬಹುಪಾಲು ಬಿಟ್ಟುಹೋಗತ್ತೆ. ರಕ್ತದಲ್ಲಿರೋದು ಪ್ರೋಟೀನ್, ಅದು 60 ಡಿಗ್ರಿ ಹತ್ತಿರದ ಬಿಸಿಗೆ ಮೊಟ್ಟೆ ಬೆಂದ ಹಾಗೆ ಗಟ್ಟಿಯಾಗಿ ನೂಲಿನ ಒಳಗೇ ಕೂತುಬಿಡತ್ತೆ. ಆಮೇಲೆ ಡ್ರೈಯರ್ ಬಿಸಿ ಬೇರೆ. ಕೈಗೆ ಬಂದಾಗ ಕೆಂಪು ಹೋಗಿ ಕಂದು ಬಣ್ಣದ ಕಲೆ ಆಗಿತ್ತು, ಅಂಚು ಇನ್ನೂ ಗಾಢ. ರಕ್ತದ ಕಲೆ ಹೀಗೆ ಕಂದಾಗಿ, ಎಷ್ಟು ನೆನೆಸಿದ್ರೂ ನೀರಿಗೆ ಬಣ್ಣ ಬಿಡ್ತಾ ಇಲ್ಲ ಅಂದ್ರೆ ಅದು ಬಿಸಿಗೆ ಬೆಂದಿರಬಹುದು, ಆದ್ರೆ ತೊಳೀದೇ ಒಣಗಿ ಹಳೇದಾದ ಕಲೆಯೂ ಹೀಗಾಗತ್ತೆ. ಹಾಲು, ಮೊಸರು, ಬೆವರು, ಕರಾವಳಿ ಕಡೆಯವರಾದ್ರೆ ಮೀನು ಹೆಚ್ಚಿದ ಬಟ್ಟೆ, ಎಲ್ಲದಕ್ಕೂ ಇದೇ ಮಾತು. ಮೊದಲು ತಣ್ಣೀರು, ಕಲೆ ಪೂರ್ತಿ ಬಿಟ್ಟ ಮೇಲೆ ಬೇಕಾದ್ರೆ ಬಿಸಿ.

ಎಂಜೈಮ್ ಇರೋ ಪೌಡರ್ ಹಾಕಿದೀವಿ ಅಂತ ಲಾಂಡ್ರಿಯವ್ರು ಹೇಳಿದ್ರು. ಎಂಜೈಮೂ ಪ್ರೋಟೀನೇ. ಮನೆ ಪೌಡರಲ್ಲಿರೋವು ಹೆಚ್ಚಾಗಿ 30ರಿಂದ 50 ಡಿಗ್ರಿ ಒಳಗೆ ಚೆನ್ನಾಗಿ ಕೆಲಸ ಮಾಡ್ತವೆ, ತುಂಬಾ ಬಿಸಿಯಾದ್ರೆ ಅವೇ ಕೆಟ್ಟು ಹೋಗ್ತವೆ. ನಾವು ಆಮೇಲೆ ಅಂಥದೇ ಪೌಡರನ್ನ ಉಗುರುಬೆಚ್ಚಗಿನ ನೀರಿಗೆ ಹಾಕಿ ರಾತ್ರಿಯಿಡೀ ನೆನೆಸಿಟ್ವಿ, ಕಲೆ ತೆಳುವಾಯ್ತೇ ಹೊರತು ಹೋಗಿಲ್ಲ.

ಹಾಗಂತ ಎಲ್ಲಾದಕ್ಕೂ ತಣ್ಣೀರೇ ಅಂತ ತಿಳ್ಕೋಬೇಡಿ, ಇಲ್ಲೇ ಜನ ಇನ್ನೊಂದು ಕಡೆಗೆ ಜಾರೋದು. ಅದೇ ಮಷೀನಲ್ಲಿ ಆಯಿಯ ದಿಂಬಿನ ಕವರೂ ಇತ್ತು, ದಿನಾ ತೆಂಗಿನೆಣ್ಣೆ ಹಚ್ಚಿದ ತಲೆ, ಕವರ್ ಜಿಡ್ಡು ಹಿಡಿದು ಹಳದಿಯಾಗಿತ್ತು, ಅದು ಮಾತ್ರ ತುಂಬಾ ಚೆನ್ನಾಗಿ ಬಂತು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗತ್ತೆ, ನಮ್ಮ ಕಡೆ ಚಳಿಗಾಲದ ಬೆಳಿಗ್ಗೆ ಬಾಟಲಿ ಬಗ್ಗಿಸಿದ್ರೆ ಎಣ್ಣೆ ಬೀಳಲ್ವಲ್ಲ, ತಣ್ಣನೆ ಬಾವಿ ನೀರಲ್ಲಿ ತೊಳೆದ್ರೆ ಬಟ್ಟೆ ಒಳಗೂ ಅದೇ ಆಗೋದು, ಸೋಪು ಎಣ್ಣೇನ ಎತ್ತೋಕೆ ಆಗಲ್ಲ. ಎಣ್ಣೆ, ತುಪ್ಪಕ್ಕೆ 40 ಡಿಗ್ರಿ ಬೇಕು, ದಪ್ಪ ಬಿಳಿ ಕಾಟನ್ ಆದ್ರೆ 60 ಆದ್ರೂ ತೊಂದ್ರೆ ಇಲ್ಲ.

ಇನ್ನು ಬಣ್ಣ. ಅಪ್ಪಯ್ಯನ ಬಿಳಿ ಪಂಚೆ ಪೂರ್ತಿ ಗುಲಾಬಿ. ಮೂಲ ಒಂದು ಕೆಂಪು ಕಾಟನ್ ರವಿಕೆ, ಅದು ಮನೇಲಿ ತಣ್ಣೀರಲ್ಲಿ ತೊಳೆದಾಗ ಒಂದು ಸಲಾನೂ ಬಣ್ಣ ಬಿಟ್ಟಿರಲಿಲ್ಲ. ಕಾಟನ್‌ಗೆ ಹಾಕೋ ಬಣ್ಣದಲ್ಲಿ ಕೆಲವು ನೂಲಿನ ಜೊತೆ ಗಟ್ಟಿಯಾಗಿ ಬೆಸೆದುಕೊಳ್ಳೋವು, ಕೆಲವು ಸುಮ್ನೆ ಅಂಟಿಕೊಂಡಿರೋವು. ಅಂಟಿಕೊಂಡಿರೋ ಬಣ್ಣ ತಣ್ಣೀರಲ್ಲಿ ತೆಪ್ಪಗಿರತ್ತೆ, ನೀರು ಬಿಸಿಯಾದ್ರೆ ನೂಲು ಉಬ್ಬಿ ಹೊರಗೆ ಬರತ್ತೆ, ಪಕ್ಕದಲ್ಲಿರೋ ಬಿಳಿ ಕಾಟನ್ ಅದೇ ಬಿಸಿ ನೀರಲ್ಲಿ ಅದನ್ನ ಕುಡಿಯತ್ತೆ. ಬಣ್ಣ ಹಾಕೋರೂ ಬಿಸಿ ನೀರಲ್ಲೇ ಹಾಕೋದು! ಒದ್ದೆ ಇರುವಾಗಲೇ ನೋಡಿ ಬಿಳಿಯದನ್ನ ಬೇರೆ ಮಾಡಿ ಮತ್ತೆ ತೊಳೆದಿದ್ರೆ ಪಂಚೆ ಉಳೀತಿತ್ತೇನೋ. ಒಣಗಿಸೇ ಕೊಟ್ರು.

ಹೊಸ ಬಣ್ಣದ ಬಟ್ಟೆ ಕೊಡೋ ಮುಂಚೆ ಒಳಮಡಿಕೆಯ ಮೂಲೆ ಒಂದನ್ನ ಬಿಸಿ ನೀರಲ್ಲಿ ಒದ್ದೆ ಮಾಡಿ, ಮೇಲೆ ಬಿಳಿ ಕರ್ಚೀಫ್ ಇಟ್ಟು ಇಸ್ತ್ರಿ ಒತ್ತಿ ನೋಡಿ. ತಣ್ಣೀರಲ್ಲಿ ಮಾಡಿದ್ರೆ ಗೊತ್ತಾಗಲ್ಲ, ಬಿಸಿಯಲ್ಲೇ ಮಾಡಬೇಕು.

ಎಲ್ಲಕ್ಕಿಂತ ಹೊಟ್ಟೆ ಉರಿದಿದ್ದು ಉಣ್ಣೆ ಶಾಲಿಗೆ. ಹೆಗಲು ತುಂಬಾ ಹೊದೀತಿದ್ದ ಶಾಲು ಈಗ ಚಿಕ್ಕ ಮಕ್ಕಳಿಗೆ ಸಾಕು, ಕಂಬಳಿ ಥರ ದಪ್ಪ, ಎಳೆ ಕಾಣೋದೇ ಇಲ್ಲ. ಉಣ್ಣೆ ಕೂದಲಿನ ಮೇಲೆ ಸಣ್ಣ ಸಣ್ಣ ಹೆರೆ ಇರ್ತವೆ, ಸೋಪು ನೀರು ಬಿಸಿಯಾಗಿ ಡ್ರಮ್ ತಿರುಗಿದ್ರೆ ಒಂದಕ್ಕೊಂದು ಸಿಕ್ಕಿಹಾಕ್ಕೊಂಡು ಬಿಗೀತವೆ, ಮತ್ತೆ ಬಿಡಿಸೋಕೆ ಆಗಲ್ಲ. ಜಗ್ಗಿ ಸರಿ ಮಾಡ್ತೀವಿ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಕಾಟನ್ ಕುಗ್ಗೋದು ಬೇರೆ ಥರ, ಅದು ನೇಯುವಾಗ ಎಳೆದಿದ್ದು ಸಡಿಲ ಆಗೋದು, ಒದ್ದೆ ಇದ್ದಾಗ ಎಳೆದ್ರೆ ಸ್ವಲ್ಪ ವಾಪಸ್ ಬರತ್ತೆ. ಉಣ್ಣೆ, ರೇಷ್ಮೆ ಎರಡಕ್ಕೂ 30 ಡಿಗ್ರಿ ದಾಟೋದು ಬೇಡ. ಇವೂ ಪ್ರೋಟೀನ್ ನೂಲೇ ಆಗಿದ್ರಿಂದ ರಕ್ತದ ಕಲೆಗೆ ಒಳ್ಳೇದಾದ ಅದೇ ಎಂಜೈಮ್ ಪೌಡರ್ ಇವನ್ನೂ ತಿನ್ನತ್ತೆ, ಅದಕ್ಕೆ ಉಣ್ಣೆಗೆ ಅಂತಲೇ ಬರೋ ಲಿಕ್ವಿಡ್ ಹಾಕಿ.

ಕೆಲವ್ರು ಮನೇಲೇ ಬಚ್ಚಲ ಹಂಡೆ ನೀರು ಹಾಕಿ ನೆನೆಸ್ತಾರೆ, ಅವರಿಗೂ ಇದೇ ಅಪಾಯ. ಥರ್ಮಾಮೀಟರ್ ಇಲ್ದೇ ಇದ್ರೆ ಕೈಯಲ್ಲೇ ನೋಡಿ, ಹಿತವಾಗಿ ಮೈಗೆ ಹಾಕ್ಕೊಳ್ಳೋ ಬಿಸಿ ಅಂದ್ರೆ 40ರ ಹತ್ತಿರ, ಕೈ ಇಟ್ಟ ತಕ್ಷಣ ತೆಗೀಬೇಕು ಅನ್ಸಿದ್ರೆ 50 ದಾಟಿದೆ. ಬಟ್ಟೆ ಲೇಬಲ್ ಮೇಲೆ ನೀರಿನ ತೊಟ್ಟಿ ಚಿತ್ರ ಇರತ್ತೆ, ಅದರೊಳಗಿನ ನಂಬರ್ ಆ ಬಟ್ಟೆ ತಡೆಯೋ ಅತಿ ಹೆಚ್ಚಿನ ಬಿಸಿ, ಅಷ್ಟೇ ಬಿಸಿ ಇರಲೇಬೇಕು ಅಂತಲ್ಲ. ತೊಟ್ಟಿಯೊಳಗೆ ಕೈ ಚಿತ್ರ ಇದ್ರೆ ಕೈಯಲ್ಲೇ ತೊಳೀಬೇಕು.

ಲಾಂಡ್ರಿಯವ್ರು ದುಡ್ಡು ವಾಪಸ್ ಕೊಡಲಿಲ್ಲ, ಚೀಟಿ ಹಿಂದೆ ಬಣ್ಣ ಹೋದ್ರೆ, ಕುಗ್ಗಿದ್ರೆ ನಾವು ಜವಾಬ್ದಾರರಲ್ಲ ಅಂತ ಪ್ರಿಂಟ್ ಇದೆ ಅಂದ್ರು. ಹಾಗಾಗಿ ಕೌಂಟರಲ್ಲೇ ಎಷ್ಟು ಡಿಗ್ರಿ, ನಮ್ಮ ಬಟ್ಟೆ ಯಾವುದರ ಜೊತೆ ಹಾಕ್ತೀರಿ ಅಂತ ಕೇಳಿ, "ಉಣ್ಣೆ ಬೇರೆ, 30 ಡಿಗ್ರಿ" ಅಂತ ಅವರ ಕೈಲೇ ಚೀಟಿ ಮೇಲೆ ಬರೆಸ್ಕೊಳ್ಳಿ, ಬರೆಯಲ್ಲ ಅಂದ್ರೆ ಗಂಟು ವಾಪಸ್ ತನ್ನಿ. ಕಲೆ ಇರೋ ಬಟ್ಟೆ ಕೊಡೋದೇ ಆದ್ರೆ ಡ್ರೈಯರ್ ಬೇಡ, ಹಿಂಡಿ ಒದ್ದೆಯಾಗೇ ಕೊಡಿ ಅಂತ ಹೇಳಿ, ಕಲೆ ಉಳಿದಿದ್ರೆ ಆವಾಗ ಮನೇಲಿ ಇನ್ನೊಂದು ಸಲ ತಣ್ಣೀರಿಗೆ ಹಾಕಬಹುದು.