14 ವರ್ಷವೋ, 6 ತಿಂಗಳೋ: ಮೆತ್ತನೆ ಜೇಡಿಯ ಮೇಲೆ ಬರೀ ಪ್ರಿಲೋಡ್, ಮರಳಿನ ಡ್ರೈನ್ ಮತ್ತು ಪಿವಿಡಿ

ಲ್ಯಾಬಿನ ಈಡೋಮೀಟರಿನಲ್ಲಿ 20 ಮಿ.ಮೀ. ದಪ್ಪದ ಜೇಡಿಮಣ್ಣಿನ ಬಿಲ್ಲೆ ಭಾರದಡಿ ನೀರು ಬಿಟ್ಟು ಶೇ. 90ರಷ್ಟು ಕನ್ಸಾಲಿಡೇಟ್ ಆಗಲು ಸುಮಾರು 30 ನಿಮಿಷ ಸಾಕು. ಅದೇ ಮಣ್ಣು ನೆಲದಡಿಯಲ್ಲಿ 10 ಮೀಟರ್ ದಪ್ಪ ಇದ್ದರೆ 14 ವರ್ಷ ಬೇಕು. ಮಣ್ಣು ಬದಲಾಗಿಲ್ಲ, ನೀರು ಹೊರಬರಲು ನಡೆಯಬೇಕಾದ ದೂರ ಮಾತ್ರ ಬದಲಾಗಿದೆ. ಬಿಲ್ಲೆಯಲ್ಲಿ ಅದು 10 ಮಿ.ಮೀ., ನೆಲದಲ್ಲಿ 5 ಮೀಟರ್. ದೂರ 500 ಪಟ್ಟು ಹೆಚ್ಚಿದರೆ ಕಾಲ ಅದರ ವರ್ಗದಷ್ಟು, ಅಂದರೆ 2,50,000 ಪಟ್ಟು ಹೆಚ್ಚುತ್ತದೆ. ಮುಂದಿನ ಹೋಲಿಕೆಯೆಲ್ಲ ಈ ವರ್ಗದ ಸುತ್ತಲೇ ತಿರುಗುತ್ತದೆ.

ಎಲ್ಲ ದಾರಿಗಳನ್ನೂ ಒಂದೇ ಮಣ್ಣಿನ ಮೇಲೆ ಇಟ್ಟು ನೋಡೋಣ. ಕರಾವಳಿಯ ಅಳಿವೆ ಬದಿಯಲ್ಲಿ ಸೇತುವೆಗೆ ಹೋಗುವ 3 ಮೀಟರ್ ಎತ್ತರದ ರಸ್ತೆ ಏರಿ, ಅಡಿಯಲ್ಲಿ 10 ಮೀಟರ್ ಮೆರೈನ್ ಕ್ಲೇ, ಅದರ ಕೆಳಗೆ ನೀರು ಹರಿಯುವ ಮರಳು. ಏರಿಯ ಭಾರ 60 ಕಿಲೋಪ್ಯಾಸ್ಕಲ್. ಕನ್ಸಾಲಿಡೇಶನ್ ಗುಣಾಂಕ (ಸಿವಿ) ವರ್ಷಕ್ಕೆ 1.5 ಚದರ ಮೀಟರ್, ಅಡ್ಡ ದಿಕ್ಕಿನದು (ಸಿಎಚ್) ಅದರ ಎರಡು ಪಟ್ಟು, 3. ಜೇಡಿಯ ಶಿಯರ್ ಬಲ 15 ಕಿಲೋಪ್ಯಾಸ್ಕಲ್. ಕೊನೆಗೆ ಆಗುವ ಕುಸಿತ ಸುಮಾರು 48 ಸೆಂ.ಮೀ. ಇವು ಲೆಕ್ಕಕ್ಕೆ ಹಿಡಿದ ಸಂಖ್ಯೆಗಳು, ಆದರೆ ಇಂಥ ಮಣ್ಣಿಗೆ ಹೊಂದುವಂಥವೇ.

```
t  = Tv * H^2 / cv               (Tv = 0.848, U = 90%)
t  = de^2 * F * ln(1/(1-U)) / (8*ch)
F  = ln(de/dw) - 0.75 + (kh/ks - 1)*ln(ds/dw)
de = 1.05 * s                    (ತ್ರಿಕೋನ ಜಾಲ)
```

ಮೊದಲ ಸಾಲು ಡ್ರೈನ್ ಇಲ್ಲದಾಗಿನದು, ಉಳಿದವು ಡ್ರೈನ್ ಇದ್ದಾಗಿನವು. H ನೀರು ನಡೆಯಬೇಕಾದ ದೂರ, U ಕನ್ಸಾಲಿಡೇಶನ್ನಿನ ಪ್ರಮಾಣ, s ಡ್ರೈನ್‌ಗಳ ನಡುವಿನ ಅಂತರ, de ಒಂದು ಡ್ರೈನಿನ ಪಾಲಿಗೆ ಬರುವ ಮಣ್ಣಿನ ವ್ಯಾಸ, dw ಡ್ರೈನಿನ ವ್ಯಾಸ, ds ಡ್ರೈನ್ ಸುತ್ತ ಕಲಸಿದ ಮಣ್ಣಿನ ಉಂಗುರದ ವ್ಯಾಸ, kh ಮತ್ತು ks ಕದಡದ ಮತ್ತು ಕಲಸಿದ ಮಣ್ಣಿನ ಪರ್ಮಿಯಬಿಲಿಟಿ.

ಮೊದಲು ಸಿವಿ ಬಗ್ಗೆ ಎಚ್ಚರಿಕೆಯ ಮಾತು. ವರದಿಯಲ್ಲಿ ಸಿವಿ ಎಂದು ಒಂದೇ ಸಂಖ್ಯೆ ಕೊಟ್ಟಿದ್ದರೆ ಅದು ಯಾವ ಒತ್ತಡದ ಹಂತದ್ದು ಎಂದು ಕೇಳಬೇಕು. ಮಣ್ಣು ಹಿಂದೆಂದೂ ಕಾಣದಷ್ಟು ಭಾರಕ್ಕೆ ಒಳಗಾದ ಕೂಡಲೇ ಸಿವಿ ಥಟ್ಟನೆ ಇಳಿಯುತ್ತದೆ. ಹಾಗಾಗಿ ಈಗಿರುವ ಒತ್ತಡದಿಂದ ಏರಿ ಕಟ್ಟಿದ ಮೇಲಿನ ಒತ್ತಡದವರೆಗಿನ ಹಂತದ ಬೆಲೆಯನ್ನೇ ತೆಗೆದುಕೊಳ್ಳಬೇಕು. ಸ್ಯಾಂಪಲ್ ಕದಡಿದ್ದರೆ ಲ್ಯಾಬ್ ಬೆಲೆ ನಿಜಕ್ಕಿಂತ ಕಡಿಮೆ ಬರುತ್ತದೆ. ಜೇಡಿಯ ನಡುವೆ ಹಾದುಹೋಗುವ ತೆಳು ಮರಳಿನ ಎಳೆಗಳು 20 ಮಿ.ಮೀ. ಬಿಲ್ಲೆಯಲ್ಲಿ ಸಿಕ್ಕುವುದೇ ಅಪರೂಪ. ಡ್ರೈನ್ ಹಾಕುವ ಕೆಲಸಕ್ಕೆ ಹೇಗೂ ಬೇಕಾದದ್ದು ಸಿಎಚ್. ಅದನ್ನು ಪೀಝೋಕೋನ್ ಇಳಿಸಿ, ನಿಲ್ಲಿಸಿ, ಮಣ್ಣಿನೊಳಗಿನ ನೀರಿನ ಒತ್ತಡ, ಅಂದರೆ ಪೋರ್ ಪ್ರೆಶರ್, ಇಳಿಯುವ ವೇಗ ನೋಡಿ ಪಡೆಯುವುದು ಲ್ಯಾಬಿನ ಸಿವಿಯನ್ನು ಊಹೆಯ ಮೇಲೆ ಗುಣಿಸುವುದಕ್ಕಿಂತ ಎಷ್ಟೋ ಮೇಲು.

ಇನ್ನೊಂದು ತಪ್ಪು ಇದಕ್ಕಿಂತ ದುಬಾರಿ. ಕೆಳಗೆ ಮರಳು ಇದೆ ಎಂದು ನಂಬಿ ಎರಡೂ ಕಡೆ ನೀರು ಹೋಗುತ್ತದೆ ಎಂದು ಲೆಕ್ಕ ಹಾಕಿ, ಅಲ್ಲಿ ನಿಜವಾಗಿ ಬಿಗಿಯಾದ ಜೇಡಿಯೋ ಬಂಡೆಯೋ ಇದ್ದರೆ 14 ವರ್ಷ 56 ಆಗುತ್ತದೆ. ಬೋರ್‌ಹೋಲನ್ನು ಮೆತ್ತನೆ ಪದರ ಮುಗಿದ ಕೂಡಲೇ ನಿಲ್ಲಿಸದೆ ಕೆಳಗಿನ ಪದರದೊಳಕ್ಕೂ ಕೊರೆಯಬೇಕು ಎನ್ನುವುದು ಇದಕ್ಕೇ.

ಬರೀ ಪ್ರಿಲೋಡ್: 3 ಮೀಟರ್ ಏರಿಯ ಮೇಲೆ ತಾತ್ಕಾಲಿಕವಾಗಿ ಇನ್ನೂ 2 ಮೀಟರ್ ಮಣ್ಣನ್ನು ಸರ್ಚಾರ್ಜ್ ಆಗಿ ಸುರಿದರೆ ಒಟ್ಟು ಭಾರ 100 ಕಿಲೋಪ್ಯಾಸ್ಕಲ್, ಅದರಡಿಯ ಕೊನೆಯ ಕುಸಿತ 80 ಸೆಂ.ಮೀ. ನಮಗೆ ಬೇಕಾದ 48 ಸೆಂ.ಮೀ. ಅದರ ಶೇ. 60 ಮಾತ್ರ, ಅದಕ್ಕೆ 4.8 ವರ್ಷ. 14ರಿಂದ 4.8ಕ್ಕೆ ಇಳಿಯಿತು ಎಂದು ಸಮಾಧಾನ ಪಡುವಂತಿಲ್ಲ, ಏಕೆಂದರೆ ಈ ಶೇ. 60 ಇಡೀ ಪದರದ ಸರಾಸರಿ. ಮೇಲಿನ ಮತ್ತು ಕೆಳಗಿನ ಅಂಚಿನಲ್ಲಿ ನೀರು ಬೇಗ ಹೋಗಿರುತ್ತದೆ. ನಟ್ಟನಡುವೆ ಇನ್ನೂ ಶೇ. 37ರಲ್ಲೇ ಇರುತ್ತದೆ. ಅಲ್ಲಿ ಮಣ್ಣಿನ ಕಣಗಳು ಹೊತ್ತಿರುವುದು 37 ಕಿಲೋಪ್ಯಾಸ್ಕಲ್, ಹೊರಬೇಕಾದದ್ದು 60. ಸರ್ಚಾರ್ಜ್ ತೆಗೆದು ಡಾಂಬರು ಹಾಕಿದ ಮೇಲೂ ನಡುಪದರ ಕುಸಿಯುತ್ತಲೇ ಹೋಗುತ್ತದೆ. ಕುಸಿತದ ಪ್ಲೇಟ್ ಇದನ್ನು ತೋರಿಸುವುದಿಲ್ಲ, ಪದರದ ನಡುವೆ ಕೂರಿಸಿದ ಪೀಝೋಮೀಟರ್ ತೋರಿಸುತ್ತದೆ.

ಅದಕ್ಕೂ ಮೊದಲು ಕೇಳಬೇಕಾದದ್ದು, 5 ಮೀಟರ್ ಮಣ್ಣನ್ನು ಆ ಜೇಡಿ ಹೊರುತ್ತದೆಯೇ? ಸರಳ ಲೆಕ್ಕದಲ್ಲಿ 5.14 × 15, ಅಂದರೆ 77 ಕಿಲೋಪ್ಯಾಸ್ಕಲ್‌ಗೆ ಜೇಡಿ ಸೋಲುತ್ತದೆ. 100 ಹೇರಿದರೆ ಏರಿ ಜಾರಿ, ಪಕ್ಕದ ನೆಲ ಉಬ್ಬಿ ಏಳುತ್ತದೆ. ಬರೀ ಪ್ರಿಲೋಡ್‌ನಲ್ಲಿ ಜೇಡಿಗೆ ಬಲ ಬರುವುದು ವರ್ಷಗಳ ಲೆಕ್ಕದಲ್ಲಿ, ಹಾಗಾಗಿ ಆ 4.8 ವರ್ಷವೂ ಕಾಗದದ ಮೇಲಿನದೇ. ಜೇಡಿ 3 ಮೀಟರಿಗಿಂತ ತೆಳುವಾಗಿದ್ದು ಒಂದು ವರ್ಷ ಕೈಯಲ್ಲಿದ್ದರೆ ಬರೀ ಪ್ರಿಲೋಡ್ ಒಳ್ಳೆಯ ಆಯ್ಕೆ. 10 ಮೀಟರಿಗೆ ಅಲ್ಲ.

ಇನ್ನು ಡ್ರೈನ್‌ಗಳು. ಡ್ರೈನ್ ಮಣ್ಣಿನ ಗುಣವನ್ನು ಬದಲಿಸುವುದಿಲ್ಲ, ನೀರಿನ ದಾರಿಯನ್ನು 5 ಮೀಟರಿನಿಂದ ಅರ್ಧ ಮೀಟರಿಗೆ ಇಳಿಸುತ್ತದೆ. ಹಳೆಯ ಪದ್ಧತಿ ಮರಳಿನ ಡ್ರೈನ್: 300 ಮಿ.ಮೀ. ವ್ಯಾಸದ ಕೊಳವೆಯನ್ನು ತಳ ಮುಚ್ಚಿ ಇಳಿಸಿ, ಮರಳು ತುಂಬಿ, ಕೊಳವೆ ಎಳೆದುಕೊಳ್ಳುವುದು. ಹೊಸದು ಪಿವಿಡಿ, ಅಂದರೆ ಪ್ರಿಫ್ಯಾಬ್ರಿಕೇಟೆಡ್ ವರ್ಟಿಕಲ್ ಡ್ರೈನ್: 100 ಮಿ.ಮೀ. ಅಗಲ, 4 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಪಟ್ಟಿ, ಸುತ್ತ ಫಿಲ್ಟರ್ ಬಟ್ಟೆ. ಲೆಕ್ಕಕ್ಕೆ ಇದರ ಸಮಾನ ವ್ಯಾಸ 52 ಮಿ.ಮೀ.

ಇಷ್ಟು ತೆಳು ಪಟ್ಟಿ 300 ಮಿ.ಮೀ. ಕಂಬದ ಜೊತೆ ಹೇಗೆ ಪೈಪೋಟಿ ಮಾಡೀತು ಎನಿಸಬಹುದು. ಸೂತ್ರ ನೋಡಿ: ಡ್ರೈನಿನ ವ್ಯಾಸ ಲಾಗರಿಥಮ್ ಒಳಗಿದೆ, ಡ್ರೈನ್‌ಗಳ ನಡುವಿನ ಅಂತರ ವರ್ಗವಾಗಿ ಹೊರಗಿದೆ. ಡ್ರೈನನ್ನು ದಪ್ಪ ಮಾಡುವುದಕ್ಕಿಂತ ಹತ್ತಿರ ಹತ್ತಿರ ಹಾಕುವುದರಲ್ಲೇ ಲಾಭ. 2 ಮೀಟರ್ ಅಂತರದ ಮರಳಿನ ಡ್ರೈನ್‌ಗಳಿಗೂ 1.4 ಮೀಟರ್ ಅಂತರದ ಪಿವಿಡಿಗೂ ಶೇ. 90 ತಲುಪಲು ಹೆಚ್ಚುಕಡಿಮೆ ಒಂದೇ ಕಾಲ, 13 ತಿಂಗಳು. 5,000 ಚದರ ಮೀಟರಿಗೆ ಮೊದಲನೆಯದಕ್ಕೆ ಸುಮಾರು 1,440 ಕಂಬ ಮತ್ತು 1,020 ಘನ ಮೀಟರ್ ಶುದ್ಧ ಮರಳು ಬೇಕು. ಎರಡನೆಯದಕ್ಕೆ 29,500 ಮೀಟರ್ ಪಟ್ಟಿ ಸಾಕು. ಮರಳಿನ ಕಂಬಕ್ಕೆ ಇನ್ನೊಂದು ರೋಗ ಇದೆ. ಕೊಳವೆ ಎಳೆಯುವಾಗ ಮರಳು ಒಳಗೇ ಕಚ್ಚಿಕೊಂಡರೆ ಕಂಬದ ನಡುವೆ ಜೇಡಿ ನುಗ್ಗಿ ಸೊಂಟ ಸಣ್ಣದಾಗುತ್ತದೆ, ಕೆಲವೊಮ್ಮೆ ತುಂಡೇ ಆಗುತ್ತದೆ. ಪ್ರತಿ ಕಂಬಕ್ಕೆ ಕನಿಷ್ಠ 0.71 ಘನ ಮೀಟರ್ ಮರಳು ಹೋಗಲೇಬೇಕು. ಕಡಿಮೆ ಹೋಗಿದ್ದರೆ ಆ ಕಂಬವನ್ನು ಲೆಕ್ಕಕ್ಕೆ ಹಿಡಿಯಬಾರದು. ನಮ್ಮ ಒಲವು ಸ್ಪಷ್ಟವಾಗಿ ಪಿವಿಡಿ ಕಡೆಗೆ.

ಪಿವಿಡಿಯಲ್ಲೂ ಅಂತರವನ್ನು ಕಣ್ಣಳತೆಯಲ್ಲಿ ಆರಿಸಬಾರದು.

| ದಾರಿ | ಶೇ. 90ಕ್ಕೆ ಬೇಕಾದ ಕಾಲ |
|---|---|
| ಡ್ರೈನ್ ಇಲ್ಲದೆ | 14 ವರ್ಷ |
| ಪಿವಿಡಿ, 1.5 ಮೀ. ಅಂತರ | 15 ತಿಂಗಳು |
| ಪಿವಿಡಿ, 1.2 ಮೀ. ಅಂತರ | 9.2 ತಿಂಗಳು |
| ಪಿವಿಡಿ, 1.0 ಮೀ. ಅಂತರ | 6.2 ತಿಂಗಳು |

ಇದರಲ್ಲಿ ಸ್ಮಿಯರ್ ಸೇರಿದೆ. ಪಟ್ಟಿಯನ್ನು ನೆಲಕ್ಕೆ ಇಳಿಸುವ ಉಕ್ಕಿನ ಕೊಳವೆ, ಮ್ಯಾಂಡ್ರೆಲ್, ಇಳಿಯುವಾಗ ಸುತ್ತಲಿನ ಜೇಡಿಯನ್ನು ಕಲಸಿಬಿಡುತ್ತದೆ, ಆ ಕಲಸಿದ ಉಂಗುರದಲ್ಲಿ ನೀರು ಹರಿಯುವುದು ಕಷ್ಟ. 120 × 60 ಮಿ.ಮೀ. ಮ್ಯಾಂಡ್ರೆಲ್‌ಗೆ ಉಂಗುರದ ವ್ಯಾಸ 190 ಮಿ.ಮೀ., ಅಲ್ಲಿಯ ಪರ್ಮಿಯಬಿಲಿಟಿ ಮೂರನೇ ಒಂದು ಎಂದು ಹಿಡಿದಿದ್ದೇವೆ. ಸ್ಮಿಯರ್ ಮರೆತರೆ 1.2 ಮೀಟರಿನ 9.2 ತಿಂಗಳು ಕಾಗದದಲ್ಲಿ 4.5 ಆಗುತ್ತದೆ. ಅರ್ಧಕ್ಕರ್ಧ ತಪ್ಪು! ಅಂತರವನ್ನು 1 ಮೀಟರಿಗಿಂತ ಕಡಿಮೆ ಮಾಡುತ್ತ ಹೋದರೆ ಉಂಗುರಗಳು ಒಂದಕ್ಕೊಂದು ಹತ್ತಿರವಾಗಿ, ಕದಡದ ಮಣ್ಣೇ ಕಡಿಮೆಯಾಗುತ್ತದೆ. ಕಲಸಿದರೆ ಬಲ ಕಳೆದುಕೊಳ್ಳುವ ಸೂಕ್ಷ್ಮ ಜೇಡಿಯಲ್ಲಿ ಇದು ಲಾಭಕ್ಕಿಂತ ನಷ್ಟ. 1.2ರಿಂದ 1.0ಕ್ಕೆ ಇಳಿಸಿದರೆ ಪಟ್ಟಿಯ ಉದ್ದ ಶೇ. 44ರಷ್ಟು ಹೆಚ್ಚುತ್ತದೆ, ಉಳಿಯುವುದು ಮೂರು ತಿಂಗಳು.

ಆ ಮೂರು ತಿಂಗಳನ್ನು ಸರ್ಚಾರ್ಜ್‌ನಿಂದಲೇ ಗಳಿಸಬಹುದು. 1.2 ಮೀಟರ್ ಅಂತರದ ಪಿವಿಡಿ ಹಾಕಿ ಮೊದಲು 3 ಮೀಟರ್ ಮಾತ್ರ ಏರಿಸಿ. ಆಗ ಸೇಫ್ಟಿ ಫ್ಯಾಕ್ಟರ್ 1.28. 4.8 ತಿಂಗಳಲ್ಲಿ ಶೇ. 70 ಕನ್ಸಾಲಿಡೇಶನ್ ಆಗುತ್ತದೆ. ಜೇಡಿ ಹೊತ್ತುಕೊಂಡ 42 ಕಿಲೋಪ್ಯಾಸ್ಕಲ್‌ನ ಸುಮಾರು 0.22 ಭಾಗ ಶಿಯರ್ ಬಲವಾಗಿ ಸೇರಿ 15 ಇದ್ದದ್ದು 24 ಆಗುತ್ತದೆ. ವೇನ್ ಶಿಯರ್ ಪರೀಕ್ಷೆ ಮಾಡಿ ಇದನ್ನು ಖಚಿತಪಡಿಸಿಕೊಂಡ ಮೇಲಷ್ಟೇ ಉಳಿದ 2 ಮೀಟರ್ ಸುರಿಯಬೇಕು. ಆಗ ಪೋರ್ ಪ್ರೆಶರ್ 18 ಮತ್ತು 40 ಸೇರಿ 58 ಆಗುತ್ತದೆ. ಅದು 40ಕ್ಕೆ ಇಳಿದಾಗ ಜೇಡಿ ತನ್ನ ಪೂರ್ತಿ 60ನ್ನು ಹೊತ್ತಿರುತ್ತದೆ, ಅದಕ್ಕೆ 1.5 ತಿಂಗಳು. ಒಟ್ಟು 6.3 ತಿಂಗಳು, ಅದೂ ಶೇ. 90 ಅಲ್ಲ, ಪೂರ್ತಿ. ಇಲ್ಲಿ ನೀರು ಅಡ್ಡಲಾಗಿ ಹರಿಯುವುದರಿಂದ ನಡುಪದರವೂ ಮೇಲಿನ ಪದರದ ವೇಗದಲ್ಲೇ ಗಟ್ಟಿಯಾಗುತ್ತದೆ. ಬರೀ ಪ್ರಿಲೋಡ್‌ಗಿದ್ದ ದೊಡ್ಡ ದೋಷ ಹೀಗೆ ನೀಗುತ್ತದೆ. ಸರ್ಚಾರ್ಜನ್ನು ಇನ್ನೊಂದೆರಡು ತಿಂಗಳು ಹೆಚ್ಚಿಗೆ ಬಿಟ್ಟರೆ ಮುಂದಿನ ಸೆಕೆಂಡರಿ ಕುಸಿತವೂ ತಗ್ಗುತ್ತದೆ.

ಸೈಟಿನಲ್ಲಿ ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಪಟ್ಟಿಯ ತುದಿ. ಆಂಕರ್ ಪ್ಲೇಟ್ ಸರಿಯಾಗಿ ಕಚ್ಚದಿದ್ದರೆ ಮ್ಯಾಂಡ್ರೆಲ್ ಜೊತೆ ಪಟ್ಟಿಯೂ ಮೇಲೆ ಬರುತ್ತದೆ. ಸುರುಳಿಯಿಂದ ಖರ್ಚಾದ ಉದ್ದವನ್ನೂ ಮ್ಯಾಂಡ್ರೆಲ್ ಇಳಿದ ಆಳವನ್ನೂ ಪ್ರತಿ ಡ್ರೈನಿಗೆ ಬರೆದಿಟ್ಟು ತಾಳೆ ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಎರಡು, ಮರಳಿನ ಹಾಸು. 4,000 ಡ್ರೈನ್‌ಗಳ ನೀರೆಲ್ಲ ಏರಿಯ ಬುಡಕ್ಕೆ ಹೋಗುವುದು ಅದರೊಳಗಿಂದಲೇ. ಕರಾವಳಿಯಲ್ಲಿ ಕೈಗೆ ಸಿಗುವ ಮುರಕಲ್ಲಿನ ಮಣ್ಣನ್ನು ಹಾಸಿಗೆ ಬಳಸುವ ಆಸೆ ಬೇಡ. ರೋಲರ್ ಅಡಿಯಲ್ಲಿ ಅದು ಪುಡಿಯಾಗಿ, ಕೆಂಪು ಜೇಡಿಯಾಗಿ ದಾರಿ ಮುಚ್ಚುತ್ತದೆ. ಕನಿಷ್ಠ 300 ಮಿ.ಮೀ. ತೊಳೆದ ಮರಳು ಹಾಕಿ, ಪಟ್ಟಿಯನ್ನು ಹಾಸಿನ ಮೇಲೆ ಒಂದು ಗೇಣು ಬಿಟ್ಟು ಕತ್ತರಿಸಿ. ಬುಡದ ಚರಂಡಿಯಲ್ಲಿ ನೀರು ಒಸರದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಈ ಹಾಸನ್ನೇ.

ಲೆಕ್ಕ ನಿಜವಾಗುತ್ತಿದೆಯೇ ಎಂದು ತಿಳಿಯಲು ಅಸಾವೋಕಾ ಪದ್ಧತಿ ಸಾಕು. ಭಾರ ಬದಲಾಗದ ಅವಧಿಯಲ್ಲಿ 14 ದಿನಕ್ಕೊಮ್ಮೆ ಕುಸಿತ ಓದಿ, ಪ್ರತಿ ಓದನ್ನು ಅದರ ಹಿಂದಿನ ಓದಿನ ಎದುರು ಗುರುತಿಸಿ. ಚುಕ್ಕಿಗಳು ಒಂದು ಗೆರೆಯ ಮೇಲೆ ಬರುತ್ತವೆ. 1.2 ಮೀಟರ್ ಅಂತರಕ್ಕೆ ಮೇಲಿನ ಬೆಲೆಗಳ ಪ್ರಕಾರ ಗೆರೆಯ ಇಳಿಜಾರು 0.89 ಬರಬೇಕು. 0.94 ಬಂದರೆ ವ್ಯತ್ಯಾಸ ಸಣ್ಣದೆನಿಸುತ್ತದೆ, ಆದರೆ 9.2 ತಿಂಗಳು 17 ಆಗಿದೆ ಎಂದೇ ಅರ್ಥ: ಸಿಎಚ್ ನಾವು ಹಿಡಿದದ್ದಕ್ಕಿಂತ ಕಡಿಮೆ ಇದೆ, ಸ್ಮಿಯರ್ ಹೆಚ್ಚಿದೆ, ಅಥವಾ ಹಾಸು ಮುಚ್ಚಿದೆ. ಹಾಸಿನೊಳಗೆ ಒಂದು ನೀರಿನ ಕೊಳವೆ ಇಟ್ಟು ನೋಡಿ. ಅಲ್ಲಿ ನೀರು ನಿಂತು ಏರಿದ್ದರೆ ತಪ್ಪು ಹಾಸಿನದು, ಬುಡದಲ್ಲಿ ಅಡ್ಡ ಚರಂಡಿ ತೋಡಿ ಸರಿಪಡಿಸಬಹುದು. ನೀರು ಏರಿಲ್ಲದಿದ್ದರೆ ತೊಂದರೆ ಜೇಡಿಯೊಳಗಿದೆ. ಆಗ ಎರಡನೇ ಹಂತದ 2 ಮೀಟರನ್ನು ತಾರೀಖು ನೋಡಿ ಸುರಿಯದೆ, ಪೀಝೋಮೀಟರ್ 18ಕ್ಕೆ ಇಳಿದ ಮೇಲೆಯೇ ಸುರಿಯಬೇಕು.